ಕಾಂತಕ್ಷೇತ್ರದಲ್ಲಿ ಗಾಜು ಬೆಳಕನ್ನು ತಿರುಗಿಸುವುದು ಹೇಗೆ, ಐಸೊಲೇಟರ್ ಅದನ್ನು ಬಳಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಯೋಗಾಲಯಗಳಲ್ಲಿ, ಪತ್ರಗಳಲ್ಲಿ, ತರಗತಿ ಮುಗಿದ ಮೇಲಿನ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇವೆ. ಐಸೊಲೇಟರ್ ಎಂದರೆ ಲೇಸರಿನ ಬೆಳಕನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬರುವ ಬೆಳಕನ್ನು ತಡೆಯುವ ಸಾಧನ. ಮೊದಲ ಭಾಗ ಹೊಸಬರಿಗೆ, ಕೊನೆಯ ಭಾಗ ಐಸೊಲೇಟರನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರಿಗೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರುಮಾಡಬಹುದು.

## ಮೊದಲು ತಿಳಿಯಬೇಕಾದದ್ದು

ಫ್ಯಾರಡೆ ಪರಿಣಾಮ ಅಂದರೇನು? ಗಾಜಿನೊಳಗೆ ನಿಜಕ್ಕೂ ತಿರುಗುವುದು ಏನು?

ಗಾಜೂ ತಿರುಗುವುದಿಲ್ಲ, ಬೆಳಕಿನ ದಾರಿಯೂ ತಿರುಗುವುದಿಲ್ಲ. ಕಿರಣ ನೇರವಾಗಿ ಹೋಗಿ ನೇರವಾಗಿಯೇ ಹೊರಬರುತ್ತದೆ. ತಿರುಗುವುದು ಬೆಳಕಿನ ವಿದ್ಯುತ್ ಕ್ಷೇತ್ರ ಆಡುವ ದಿಕ್ಕು. ಪೋಲರೈಸರ್ ದಾಟಿ ಬಂದ ಬೆಳಕಿನಲ್ಲಿ ಈ ಆಟ ಒಂದೇ ಸಮತಲದಲ್ಲಿ ಇರುತ್ತದೆ. ಅದನ್ನೇ ಧ್ರುವೀಕರಣ ಸಮತಲ ಎನ್ನುತ್ತೇವೆ. ಗಾಜಿನ ಸರಳಿನೊಳಗೆ, ಬೆಳಕು ಸಾಗುವ ದಿಕ್ಕಿನಲ್ಲೇ ಕಾಂತಕ್ಷೇತ್ರ ಕೊಟ್ಟರೆ ಈ ಸಮತಲ ಸಾಗುತ್ತಾ ಸಾಗುತ್ತಾ ಸ್ಕ್ರೂ ಹಾಗೆ ತಿರುಚಿಕೊಳ್ಳುತ್ತದೆ. ತಿರುಗಿದ ಕೋನ ಇಷ್ಟು:

```
θ = V · B · L
```

B ಎಂದರೆ ಬೆಳಕಿನ ದಾರಿಯ ಉದ್ದಕ್ಕೆ ಇರುವ ಕಾಂತಕ್ಷೇತ್ರ, L ಗಾಜಿನ ಉದ್ದ, V ಆ ಗಾಜಿನ ವರ್ಡೆ ಸ್ಥಿರಾಂಕ, ಅಂದರೆ ಆ ಗಾಜು ಎಷ್ಟು ಜೋರಾಗಿ ತಿರುಗಿಸುತ್ತದೆ ಎಂದು ಹೇಳುವ ಅಂಕಿ. ಕ್ಷೇತ್ರ ಬೆಳಕಿಗೆ ಅಡ್ಡವಾಗಿದ್ದರೆ ಈ ತಿರುಗುವಿಕೆ ಇಲ್ಲ.

ಇದನ್ನು ಮೈಕಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1845ರ ಸೆಪ್ಟೆಂಬರ್ 13ರಂದು ಕಂಡರು. ಬೇರೆ ಪದಾರ್ಥಗಳಲ್ಲಿ ಏನೂ ಕಾಣದೆ ಹೋದಾಗ ಅವರ ಕೈಗೆ ಬಂದದ್ದು, ವರ್ಷಗಳ ಹಿಂದೆ ಮಸೂರಗಳ ಸಲುವಾಗಿ ತಾವೇ ಕರಗಿಸಿ ಮಾಡಿಟ್ಟಿದ್ದ ಸೀಸದ ಭಾರವಾದ ಗಾಜು. ಬೆಳಕಿಗೂ ಕಾಂತತ್ವಕ್ಕೂ ನಂಟಿದೆ ಎಂದು ಪ್ರಯೋಗ ತೋರಿಸಿದ್ದು ಅದೇ ಮೊದಲು.

ಮ್ಯಾಗ್ನೆಟ್ ಬೆಳಕನ್ನೇ ತಿರುಗಿಸುವುದಾದರೆ ನಡುವೆ ಗಾಜು ಯಾಕೆ ಬೇಕು?

ಕಾಂತಕ್ಷೇತ್ರ ಬೆಳಕನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಮುಟ್ಟುವುದು ಗಾಜಿನ ಎಲೆಕ್ಟ್ರಾನುಗಳನ್ನು, ಬೆಳಕು ಆ ಎಲೆಕ್ಟ್ರಾನುಗಳ ನಡುವೆ ಸಾಗುತ್ತದೆ.

ಒಂದು ಸಮತಲದಲ್ಲಿ ಆಡುವ ಬೆಳಕನ್ನು ಎರಡು ಸುತ್ತುವ ಬೆಳಕುಗಳ ಮೊತ್ತ ಎಂದು ನೋಡಬಹುದು: ಒಂದು ಎಡಕ್ಕೆ ಸುತ್ತುತ್ತದೆ, ಇನ್ನೊಂದು ಬಲಕ್ಕೆ. ಕ್ಷೇತ್ರ ಇಲ್ಲದಿದ್ದಾಗ ಎರಡಕ್ಕೂ ಗಾಜು ಒಂದೇ. ಕ್ಷೇತ್ರ ಬಂದೊಡನೆ ಎಲೆಕ್ಟ್ರಾನುಗಳಿಗೆ ಒಂದು ದಿಕ್ಕಿನ ಸುತ್ತು ಸ್ವಲ್ಪ ಸುಲಭವಾಗುತ್ತದೆ, ಇನ್ನೊಂದು ಸ್ವಲ್ಪ ಕಷ್ಟವಾಗುತ್ತದೆ. ಹಾಗಾಗಿ ಎರಡು ಬೆಳಕುಗಳಿಗೂ ವಕ್ರೀಭವನ ಸೂಚ್ಯಂಕ ಕೂದಲೆಳೆಯಷ್ಟು ಬೇರೆಯಾಗಿ, ಒಂದು ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. ಹೊರಬಂದ ಮೇಲೆ ಎರಡನ್ನೂ ಕೂಡಿದರೆ ಸಮತಲ ಓರೆಯಾಗಿರುತ್ತದೆ.

ಆ ವ್ಯತ್ಯಾಸ ಎಷ್ಟು ಸಣ್ಣದು ನೋಡಿ. 10 ಸೆಂಮೀ ಗಾಜಿನಲ್ಲಿ ಕೆಂಪು ಲೇಸರ್ ಬೆಳಕು ಮೂರು ಡಿಗ್ರಿಗಿಂತ ತುಸು ಹೆಚ್ಚು ತಿರುಗಿದರೆ, ಎರಡು ಸೂಚ್ಯಂಕಗಳ ಅಂತರ ಒಂದು ಕೋಟಿಯಲ್ಲಿ ಒಂದರಷ್ಟು. ಇಷ್ಟು ಚಿಕ್ಕದ್ದು ಕಣ್ಣಿಗೆ ಕಾಣುವ ಕೋನವಾಗುವುದು, ಆ 10 ಸೆಂಮೀ ಒಳಗೆ ಬೆಳಕಿನ ಅಲೆ ಲಕ್ಷಗಟ್ಟಲೆ ಸಲ ಆಡುವುದರಿಂದ.

ಸಕ್ಕರೆ ನೀರೂ ಸಮತಲವನ್ನು ತಿರುಗಿಸುತ್ತದಲ್ಲ, ಇದರಲ್ಲಿ ಬೇರೆಯೇನಿದೆ?

ಬೆಳಕನ್ನು ಅದೇ ದಾರಿಯಲ್ಲಿ ವಾಪಸ್ ಕಳಿಸಿದಾಗ ವ್ಯತ್ಯಾಸ ಕಾಣುತ್ತದೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸಕ್ಕರೆ ದ್ರಾವಣದಲ್ಲಿ ತಿರುಗುವ ದಿಕ್ಕು ಬೆಳಕು ಸಾಗುವ ದಿಕ್ಕಿಗೆ ಅಂಟಿಕೊಂಡಿದೆ. ಹೋಗುವಾಗ ತನ್ನ ಬಲಕ್ಕೆ 20 ಡಿಗ್ರಿ ತಿರುಗಿದ ಬೆಳಕು ಕನ್ನಡಿಗೆ ಬಡಿದು ಬರುವಾಗಲೂ ತನ್ನ ಬಲಕ್ಕೇ 20 ಡಿಗ್ರಿ ತಿರುಗುತ್ತದೆ. ಆದರೆ ಈಗ ಅದರ ಮುಖ ಈ ಕಡೆ. ಒಂದೇ ಜಾಗದಲ್ಲಿ ನಿಂತು ನೋಡುವ ನಮಗೆ ಎರಡನೆಯ ತಿರುಗು ಮೊದಲನೆಯದನ್ನು ಬಿಚ್ಚಿದ ಹಾಗೆ ಕಾಣುತ್ತದೆ. ಒಟ್ಟು ಸೊನ್ನೆ.

ಕಾಂತಕ್ಷೇತ್ರದಲ್ಲಿರುವ ಗಾಜಿನಲ್ಲಿ ತಿರುಗುವ ದಿಕ್ಕನ್ನು ನಿರ್ಧರಿಸುವುದು ಕ್ಷೇತ್ರ. ಬೆಳಕು ಎತ್ತ ಹೋಗುತ್ತಿದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಸಾಮಾನ್ಯ ಗಾಜಿನಲ್ಲಿ, ಸುರುಳಿಯಲ್ಲಿ ಕರೆಂಟ್ ಸುತ್ತುವ ದಿಕ್ಕೇ ಸಮತಲ ತಿರುಗುವ ದಿಕ್ಕು. ಬೆಳಕು ಹೋದರೂ ಬಂದರೂ ಕರೆಂಟ್ ಸುತ್ತುವುದು ಒಂದೇ ಕಡೆಗೆ. ಹಾಗಾಗಿ ಹೋಗುವಾಗ 20, ಬರುವಾಗ ಮತ್ತೆ ಅದೇ ಕಡೆಗೆ 20, ಒಟ್ಟು 40. ಫ್ಯಾರಡೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗಾಜಿನ ತುದಿಗಳಿಗೆ ಬೆಳ್ಳಿಯ ಲೇಪ ಕೊಟ್ಟು ಬೆಳಕನ್ನು ಒಳಗೇ ಹಲವು ಸಲ ಓಡಾಡಿಸಿ, ಸಣ್ಣ ಕೋನವನ್ನು ಅವರು ದೊಡ್ಡದು ಮಾಡಿ ನೋಡಿದರು. ಸಕ್ಕರೆ ನೀರಿನಲ್ಲಿ ಈ ಉಪಾಯ ನಡೆಯುವುದಿಲ್ಲ.

ಕಿಟಕಿ ಗಾಜಿನಲ್ಲೂ ಆಗುತ್ತದೆಯೇ? ಯಾವ ಗಾಜು ಒಳ್ಳೆಯದು?

ಎಲ್ಲ ಗಾಜಿನಲ್ಲೂ ಆಗುತ್ತದೆ, ನೀರಿನಲ್ಲೂ ಆಗುತ್ತದೆ. ಎಷ್ಟು ಎಂಬುದೇ ಪ್ರಶ್ನೆ. ನೀರಿನಲ್ಲಿ ವರ್ಡೆ ಸ್ಥಿರಾಂಕ ಪ್ರತಿ ಟೆಸ್ಲಾ-ಮೀಟರಿಗೆ ಸುಮಾರು 3.8 ರೇಡಿಯನ್. ಶುದ್ಧ ಸಿಲಿಕಾ ಗಾಜಿನದೂ ಹೆಚ್ಚುಕಡಿಮೆ ಅಷ್ಟೇ. ಸೀಸ ಹೆಚ್ಚಿರುವ ಭಾರವಾದ ಫ್ಲಿಂಟ್ ಗಾಜಿನಲ್ಲಿ ಕೆಂಪು ಬೆಳಕಿಗೆ ಅದು 20ರ ಆಸುಪಾಸು.

ಕಾರಣ ಸರಳ. ತರಂಗದೂರ ಬದಲಾದಂತೆ ಯಾವ ಗಾಜಿನ ವಕ್ರೀಭವನ ಸೂಚ್ಯಂಕ ಜೋರಾಗಿ ಬದಲಾಗುತ್ತದೋ, ಅಂದರೆ ಯಾವ ಗಾಜು ಬಣ್ಣಗಳನ್ನು ಚೆನ್ನಾಗಿ ಬಿಡಿಸುತ್ತದೋ, ಅದರ ವರ್ಡೆ ಸ್ಥಿರಾಂಕವೂ ದೊಡ್ಡದು. ಅದೇ ಕಾರಣಕ್ಕೆ ನೀಲಿ ಬೆಳಕು ಕೆಂಪಿಗಿಂತ ಹೆಚ್ಚು ತಿರುಗುತ್ತದೆ. ಹಸಿರು ಲೇಸರಿನಲ್ಲಿ ಬಂದ ಅಂಕಿಯನ್ನು ಕೆಂಪು ಲೇಸರಿನ ಅಂಕಿಯ ಪಕ್ಕ ಇಟ್ಟು "ತಪ್ಪಾಗಿದೆ" ಎನ್ನುವವರು ಬಹಳ; ಎರಡೂ ಸರಿಯಾಗಿಯೇ ಇರುತ್ತವೆ.

ಮನೆಯ ಗಾಜಿನಲ್ಲಿ ಇನ್ನೊಂದು ತೊಂದರೆ ಇದೆ. ತಯಾರಿಕೆಯಲ್ಲಿ ಉಳಿದ ಒಳಒತ್ತಡ ತಾನೇ ಧ್ರುವೀಕರಣವನ್ನು ಕೆಡಿಸುತ್ತದೆ, ಕತ್ತಲಾಗಬೇಕಾದಲ್ಲಿ ಮಸುಕು ಬೆಳಕು ಉಳಿಯುತ್ತದೆ. ಸೀಸದ ಕೆಲವು ಫ್ಲಿಂಟ್ ಗಾಜುಗಳಲ್ಲಿ ಒತ್ತಡದ ಈ ಪರಿಣಾಮ ತುಂಬಾ ಕಡಿಮೆ.

## ಪ್ರಯೋಗಾಲಯದಲ್ಲಿ ಅಳೆಯುವುದು

ಕಾಲೇಜಿನ ಲ್ಯಾಬಿನಲ್ಲಿ ಅಳೆಯಬೇಕು. ಏನೇನು ಬೇಕು, ಎಷ್ಟು ಡಿಗ್ರಿ ನಿರೀಕ್ಷಿಸಬಹುದು?

ಕೆಲವೇ ಮಿಲಿವ್ಯಾಟ್‌ನ ಕೆಂಪು ಲೇಸರ್, ಎರಡು ಪೋಲರಾಯ್ಡ್ ಹಾಳೆ, ಅದರಲ್ಲೊಂದು ಡಿಗ್ರಿ ಗುರುತಿರುವ ತಿರುಗುವ ಹಿಡಿಕೆಯಲ್ಲಿ, 10 ಸೆಂಮೀ ಉದ್ದದ ಫ್ಲಿಂಟ್ ಗಾಜಿನ ಸರಳು, ತಂತಿ ಸುರುಳಿ, ಫೋಟೊಡಯೋಡ್, ಮಲ್ಟಿಮೀಟರ್. ಲೇಸರ್ ಕಡೆಯ ಹಾಳೆ ಪೋಲರೈಸರ್, ಫೋಟೊಡಯೋಡ್ ಕಡೆಯದು ಅನಲೈಸರ್.

ಸುರುಳಿಗೆ 0.8 ಮಿಮೀ ಎನಾಮಲ್ ತಾಮ್ರದ ತಂತಿಯನ್ನು 12 ಸೆಂಮೀ ಉದ್ದದಲ್ಲಿ, ಪದರದ ಮೇಲೆ ಪದರವಾಗಿ 1000 ಸುತ್ತು ಸುತ್ತಿ. ಸರಾಸರಿ ವ್ಯಾಸ 3 ಸೆಂಮೀ ಬಂದರೆ ಸುಮಾರು 94 ಮೀಟರ್ ತಂತಿ ಬೇಕು, ರೋಧ 3 ಓಮ್ ಚಿಲ್ಲರೆ.

ಈಗ ಲೆಕ್ಕ. ಸುರುಳಿ ತುಂಬಾ ಉದ್ದ ಎಂದುಕೊಂಡರೆ 1 ಆಂಪಿಯರಿಗೆ ಒಳಗಿನ ಕ್ಷೇತ್ರ 10.5 ಮಿಲಿಟೆಸ್ಲಾ. ನಮ್ಮದು ಅಷ್ಟು ಉದ್ದವಿಲ್ಲ. ನಡುವೆ 10.2 ಇರುತ್ತದೆ, ತುದಿಗಳ ಕಡೆ ಇಳಿಯುತ್ತದೆ, 10 ಸೆಂಮೀ ಗಾಜಿನ ಉದ್ದಕ್ಕೂ ಸರಾಸರಿ ಹಿಡಿದರೆ 9.7. ನಡುವಿನ ಅಂಕಿಯನ್ನೇ ಸೂತ್ರಕ್ಕೆ ಹಾಕಿದರೆ ಉತ್ತರ ನೂರಕ್ಕೆ ನಾಲ್ಕರಷ್ಟು ತಪ್ಪುತ್ತದೆ. 3 ಆಂಪಿಯರ್ ಹರಿಸಿದರೆ ಸರಾಸರಿ ಕ್ಷೇತ್ರ 29 ಮಿಲಿಟೆಸ್ಲಾ ಚಿಲ್ಲರೆ. ವರ್ಡೆ ಸ್ಥಿರಾಂಕ 20 ಎಂದು ಹಿಡಿದರೆ:

```
θ = 20 × 0.0292 × 0.10 = 0.0584 rad ≈ 3.35°
```

ಸುರುಳಿಯಲ್ಲಿ ಆಗ 28 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಸಲಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕರೆಂಟ್ ಬಿಡಬೇಡಿ. ಗಾಜು ಬಿಸಿಯಾದರೆ ಹೊಸದಾಗಿ ಒಳಒತ್ತಡ ಹುಟ್ಟಿ ರೀಡಿಂಗ್ ಸರಿಯತೊಡಗುತ್ತದೆ. ಲೇಸರ್ ಎಷ್ಟೇ ಚಿಕ್ಕದಿರಲಿ, ಕಿರಣದ ಎತ್ತರಕ್ಕೆ ಕಣ್ಣು ತರಬೇಡಿ, ಗಾಜಿನ ತುದಿಯಿಂದ ಹಿಂದಕ್ಕೆ ಬರುವ ಪ್ರತಿಫಲನಕ್ಕೂ ಇದು ಅನ್ವಯ.

ಅನಲೈಸರನ್ನು ಪೂರ್ತಿ ಕತ್ತಲೆಗೆ ಇಟ್ಟು ಕರೆಂಟ್ ಕೊಟ್ಟೆ. ಏನೂ ಬದಲಾಗಲಿಲ್ಲ. ಯಾಕೆ?

ಬದಲಾಗಿದೆ, ನಿಮಗೆ ಕಾಣುವಷ್ಟು ಅಲ್ಲ. ಕತ್ತಲೆಯ ಬಿಂದುವಿನಲ್ಲಿ ದಾಟುವ ಬೆಳಕು ಕೋನದ ಸೈನ್‌ನ ವರ್ಗದಷ್ಟು. 3.35 ಡಿಗ್ರಿಗೆ ಅದು ಪೂರ್ಣ ಬೆಳಕಿನ ಸಾವಿರದಲ್ಲಿ ಮೂರೂವರೆ ಪಾಲು ಮಾತ್ರ. ಅಗ್ಗದ ಹಾಳೆಯಲ್ಲಿ ಸೋರುವ ಬೆಳಕೇ ಹೆಚ್ಚುಕಡಿಮೆ ಅಷ್ಟಿರಬಹುದು. ಅದರ ಮೇಲೆ, ಕರೆಂಟ್ ದಿಕ್ಕು ಬದಲಿಸಿದರೂ ಬೆಳಕು ಅಷ್ಟೇ ಹೆಚ್ಚುವುದರಿಂದ ಎತ್ತ ತಿರುಗಿತು ಎಂದು ತಿಳಿಯುವುದೇ ಇಲ್ಲ.

ಅನಲೈಸರನ್ನು ಪೋಲರೈಸರಿಗೆ 45 ಡಿಗ್ರಿಯಲ್ಲಿ ಇಡಿ. ಅಲ್ಲಿ ಅರ್ಧ ಬೆಳಕು ದಾಟುತ್ತದೆ, ಕೋನಕ್ಕೆ ತಕ್ಕಂತೆ ಬೆಳಕು ಅತಿ ವೇಗವಾಗಿ ಏರುವುದೂ ಇಳಿಯುವುದೂ ಅಲ್ಲೇ. ಮೇಲಿನ ಸುರುಳಿಯಲ್ಲಿ ಕರೆಂಟ್ ಇಲ್ಲದಾಗ ಮೀಟರ್ 2.00 ವೋಲ್ಟ್ ತೋರಿಸುತ್ತಿದ್ದರೆ, ಒಂದು ದಿಕ್ಕಿನ 3 ಆಂಪಿಯರಿಗೆ 2.23, ಇನ್ನೊಂದು ದಿಕ್ಕಿಗೆ 1.77 ಬರಬೇಕು. ಕೋನ ತೆಗೆಯುವುದು ಹೀಗೆ:

```
sin 2θ = (V₊ − V₋) / (V₊ + V₋)
       = 0.46 / 4.00 = 0.115  →  θ ≈ 3.3°
```

ಇಲ್ಲಿ `V₊` ಮತ್ತು `V₋` ಮೀಟರಿನ ಎರಡು ರೀಡಿಂಗ್‌ಗಳು, ವರ್ಡೆ ಸ್ಥಿರಾಂಕ ಅಲ್ಲ. ಹೀಗೆ ಭಾಗಿಸಿದಾಗ ಲೇಸರಿನ ಒಟ್ಟು ಪ್ರಮಾಣ ಎಷ್ಟೆಂದು ತಿಳಿಯುವ ಅಗತ್ಯವೇ ಇರುವುದಿಲ್ಲ.

ಕರೆಂಟ್ ತಿರುಗಿಸಿದಾಗ ಎರಡೂ ಕಡೆಯ ರೀಡಿಂಗ್ ಸಮವಾಗಿ ಬರುತ್ತಿಲ್ಲ. ಏನು ತಪ್ಪಾಗಿದೆ?

ಮೊದಲು ಫೋಟೊಡಯೋಡನ್ನು ಅನುಮಾನಿಸಿ. ಬರೀ ಡಯೋಡಿಗೆ ಮೀಟರ್ ಹಚ್ಚಿದರೆ ನಾಲ್ಕೈದು ನೂರು ಮಿಲಿವೋಲ್ಟ್ ಹತ್ತಿರ ಅದು ಏರುವುದನ್ನೇ ನಿಲ್ಲಿಸುತ್ತದೆ. ಆಗ ಮೇಲಿನ ಕಡೆಯ ಬದಲಾವಣೆ ಕೆಳಗಿನದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. 9 ವೋಲ್ಟ್ ಬ್ಯಾಟರಿಯಿಂದ ಡಯೋಡಿಗೆ ಹಿಮ್ಮುಖ ವೋಲ್ಟೇಜ್ ಕೊಟ್ಟು, ಸರಣಿಯಲ್ಲಿ 10 ಕಿಲೊ ಓಮ್ ರೋಧಕ ಹಾಕಿ, ಆ ರೋಧಕದ ಮೇಲಿನ ವೋಲ್ಟೇಜ್ ಓದಿ. ಪೂರ್ಣ ಬೆಳಕಿನಲ್ಲಿ 4 ವೋಲ್ಟ್ ಸುಮಾರಿಗೆ ನಿಂತರೆ ಸರಿಯಾದ ಜಾಗದಲ್ಲಿದ್ದೀರಿ.

ಎರಡನೆಯದು ಕೋಣೆಯ ಬೆಳಕು. ಲೇಸರನ್ನು ಮುಚ್ಚಿ ರೀಡಿಂಗ್ ನೋಡಿ. ಸೊನ್ನೆ ಇಲ್ಲದಿದ್ದರೆ ಅಷ್ಟನ್ನು ಪ್ರತಿ ರೀಡಿಂಗಿನಿಂದ ಕಳೆಯಬೇಕು.

ಮೂರನೆಯದು ಲೇಸರೇ. ಅಗ್ಗದ ಪಾಯಿಂಟರ್ ಬಿಸಿಯಾಗುವಾಗ ಅದರ ಬೆಳಕೂ ಏರಿಳಿಯುತ್ತದೆ. ಹತ್ತು ನಿಮಿಷ ಹಚ್ಚಿಟ್ಟು ಆಮೇಲೆ ಶುರುಮಾಡಿ. ಒಂದು ದಿಕ್ಕು, ಸೊನ್ನೆ, ಇನ್ನೊಂದು ದಿಕ್ಕು, ಮತ್ತೆ ಸೊನ್ನೆ ಎಂದು ಓದಿ. ಎರಡು ಸೊನ್ನೆಗಳ ರೀಡಿಂಗ್ ಹೊಂದದಿದ್ದರೆ ಆ ಸುತ್ತನ್ನು ಬಿಟ್ಟುಬಿಡಿ. ಗಾಜನ್ನು ಹೊರತೆಗೆದು ಇಡೀ ಅಳತೆಯನ್ನು ಒಮ್ಮೆ ಮಾಡುವುದೂ ಒಳ್ಳೆಯದು. ಗಾಜಿಲ್ಲದೆಯೂ ರೀಡಿಂಗ್ ಬದಲಾದರೆ, ಸುರುಳಿಯ ಕ್ಷೇತ್ರ ಕಬ್ಬಿಣದ ಸ್ಟ್ಯಾಂಡನ್ನು ಎಳೆದು ಕಿರಣವನ್ನು ಕದಲಿಸುತ್ತಿದೆ ಎಂದರ್ಥ.

## ಐಸೊಲೇಟರ್

ಲೇಸರಿಗೆ ಐಸೊಲೇಟರ್ ಯಾಕೆ ಬೇಕು? ಹಿಂದಕ್ಕೆ ಬರುವ ಬೆಳಕು ಅಷ್ಟು ತೊಂದರೆ ಕೊಡುತ್ತದೆಯೇ?

ಲೇಪವಿಲ್ಲದ ಒಂದು ಗಾಜಿನ ಮುಖ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಡಯೋಡ್ ಲೇಸರಿಗೆ ಅದರಲ್ಲಿ ಅತಿ ಚಿಕ್ಕ ಅಂಶ ವಾಪಸ್ ಹೊಕ್ಕರೂ ಸಾಕು. ಹಿಂದೆ ಬಂದ ಬೆಳಕು ಲೇಸರಿನೊಳಗೆ ಮತ್ತೆ ವರ್ಧನೆಯಾಗುತ್ತದೆ, ಲೇಸರಿಗೆ ಹೊರಗಡೆ ಇನ್ನೊಂದು ಕನ್ನಡಿ ಇದ್ದಂತಾಗುತ್ತದೆ. ತರಂಗದೂರ ಜಿಗಿಯುತ್ತದೆ, ಬೆಳಕಿನ ಪ್ರಮಾಣ ನಡುಗುತ್ತದೆ. ಮೇಜನ್ನು ಮೆಲ್ಲಗೆ ತಟ್ಟಿದರೆ ನಡುಕ ಬದಲಾಗುವುದು ಇದರ ಒಳ್ಳೆಯ ಗುರುತು, ಏಕೆಂದರೆ ತಟ್ಟಿದಾಗ ಆ ಹೊರಗಿನ ಕನ್ನಡಿಯ ದೂರ ಬದಲಾಗುತ್ತದೆ. ಫೈಬರ್ ಆಂಪ್ಲಿಫೈಯರಿನಲ್ಲಿ ಅಪಾಯ ಇನ್ನೂ ಹೆಚ್ಚು: ಹಿಂದೆ ಬರುವ ಬೆಳಕು ದಾರಿಯಲ್ಲೇ ಬೆಳೆದು ಮೂಲ ಲೇಸರನ್ನೇ ಸುಡಬಹುದು.

45 ಡಿಗ್ರಿಯೇ ಯಾಕೆ? 30 ಅಥವಾ 60 ಆದರೆ ಆಗದೇ?

ಐಸೊಲೇಟರಿನಲ್ಲಿ ಮೂರೇ ಭಾಗ: ಲೇಸರ್ ಕಡೆಯ ಮುಂದಿನ ಪೋಲರೈಸರ್, ಕಾಂತದೊಳಗಿನ ತಿರುಗಿಸುವ ಗಾಜು ಅಥವಾ ಹರಳು, ಹಿಂದಿನ ಪೋಲರೈಸರ್. ಮುಂದಿನದನ್ನು 0 ಡಿಗ್ರಿಗೆ, ಹಿಂದಿನದನ್ನು 45ಕ್ಕೆ ಇಡುತ್ತಾರೆ.

ಮುಂದಕ್ಕೆ ಹೋಗುವ ಬೆಳಕು 0ಯಲ್ಲಿ ಹೊಕ್ಕು, ಹರಳಿನಲ್ಲಿ 45 ತಿರುಗಿ, 45ರಲ್ಲಿರುವ ಹಿಂದಿನ ಪೋಲರೈಸರನ್ನು ಪೂರ್ತಿ ದಾಟುತ್ತದೆ. ಹಿಂದಕ್ಕೆ ಬರುವ ಬೆಳಕು 45ರಲ್ಲಿ ಹರಳನ್ನು ಹೊಗುತ್ತದೆ. ತಿರುಗುವ ದಿಕ್ಕು ಕ್ಷೇತ್ರದ್ದೇ ಆದ್ದರಿಂದ ಮೊದಲಿನ ಕಡೆಗೇ ಇನ್ನೂ 45 ತಿರುಗಿ 90 ಆಗುತ್ತದೆ. ಮುಂದಿನ ಪೋಲರೈಸರ್ 0ಯಲ್ಲಿದೆ. ಲಂಬವಾಗಿ ಬಂದದ್ದನ್ನು ಅದು ಒಳಬಿಡುವುದಿಲ್ಲ.

ಹೋಗುವ ಬರುವ ತಿರುಗುಗಳು ಕೂಡಿ 90 ಆಗಬೇಕು, ಎರಡೂ ಸಮ. ಹಾಗಾಗಿ ಒಂದೊಂದು 45. ತಿರುಗು 30 ಇದ್ದರೂ ಹಿಂದಿನ ಪೋಲರೈಸರನ್ನು 60ಕ್ಕೆ ಇಟ್ಟು ಹಿಂಬೆಳಕನ್ನು ತಡೆಯಬಹುದು, ಆದರೆ ಮುಂದಕ್ಕೆ ಹೋಗುವ ಬೆಳಕು 30ರಲ್ಲಿ ಬಂದು 60ರ ಬಾಗಿಲಿಗೆ ಬಡಿದು ಕಾಲು ಭಾಗ ನಷ್ಟವಾಗುತ್ತದೆ. 45ರಲ್ಲಿ ಮಾತ್ರ ಪೂರ್ತಿ ತಡೆಯೂ ಪೂರ್ತಿ ದಾಟುವಿಕೆಯೂ ಒಟ್ಟಿಗೆ ಸಿಗುತ್ತವೆ.

ಲ್ಯಾಬಿನ ಸುರುಳಿ ಮತ್ತು ಗಾಜಿನಲ್ಲೇ ಐಸೊಲೇಟರ್ ಮಾಡಬಹುದೇ?

ತತ್ವ ಒಂದೇ, ಪ್ರಮಾಣ ಸಾಲದು. 3 ಆಂಪಿಯರಿಗೆ 3.35 ಡಿಗ್ರಿ ಬಂದರೆ 45 ಡಿಗ್ರಿಗೆ 40 ಆಂಪಿಯರ್ ಬೇಕು. ಶಾಖ ಕರೆಂಟಿನ ವರ್ಗದಂತೆ ಏರಿ 5 ಕಿಲೊವ್ಯಾಟ್ ಆಗುತ್ತದೆ. ತಂತಿಯ ಎನಾಮಲ್ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ಅದಕ್ಕೇ ಸುರುಳಿಯ ಜಾಗದಲ್ಲಿ ನಿಯೋಡೈಮಿಯಮ್ ಶಾಶ್ವತ ಕಾಂತಗಳ ಉಂಗುರ ಬಳಸುತ್ತಾರೆ, 1 ಟೆಸ್ಲಾ ಆಸುಪಾಸಿನ ಕ್ಷೇತ್ರ ಸಿಗುತ್ತದೆ. ಆಗ ಅದೇ ಸೀಸದ ಗಾಜು ಕೆಂಪು ಬೆಳಕಿಗೆ 4 ಸೆಂಮೀ ಇದ್ದರೆ ಸಾಕು. ಟರ್ಬಿಯಮ್ ಗ್ಯಾಲಿಯಮ್ ಗಾರ್ನೆಟ್ ಎಂಬ ಹರಳಿನಲ್ಲಿ (ಲ್ಯಾಬುಗಳಲ್ಲಿ ಟಿಜಿಜಿ ಎನ್ನುತ್ತಾರೆ) ವರ್ಡೆ ಸ್ಥಿರಾಂಕ ಕೆಂಪಿಗೆ ಸುಮಾರು 134, ಹಾಗಾಗಿ 6 ಮಿಮೀ ಹರಳೇ ಸಾಕು. ಇದು ತಿರುಗಿಸುವುದು ಸಾಮಾನ್ಯ ಗಾಜಿಗೆ ವಿರುದ್ಧ ಕಡೆಗೆ. ಟರ್ಬಿಯಮ್ ಅಯಾನುಗಳು ತಾವೇ ಪುಟ್ಟ ಕಾಂತಗಳಂತೆ ಕ್ಷೇತ್ರಕ್ಕೆ ಸಾಲುಗಟ್ಟುವುದೇ ಅದಕ್ಕೆ ಕಾರಣ. 1064 ನ್ಯಾನೊಮೀಟರಿಗೆ ಈ ಅಂಕಿ 40ಕ್ಕೆ ಇಳಿಯುತ್ತದೆ, ಆಗ 1 ಟೆಸ್ಲಾದಲ್ಲಿ 2 ಸೆಂಮೀ ಹರಳು ಬೇಕು. ಅತಿಗೆಂಪಿನ ಐಸೊಲೇಟರುಗಳು ದಪ್ಪವಾಗಿ, ಭಾರವಾಗಿ ಇರುವುದು ಇದರಿಂದಲೇ.

ಮುಂದೆ ಕ್ವಾರ್ಟರ್ ವೇವ್ ಪ್ಲೇಟ್ ಇಟ್ಟರೆ ಸಾಲದೇ? ಅದು ಅಗ್ಗ.

ಕೆಲವು ಕಡೆ ಸಾಲುತ್ತದೆ. ಪೋಲರೈಸರಿನ ನಂತರ ಆ ಪ್ಲೇಟನ್ನು 45 ಡಿಗ್ರಿಯಲ್ಲಿ ಇಟ್ಟರೆ ಬೆಳಕು ಸುತ್ತುವ ಬೆಳಕಾಗುತ್ತದೆ. ಚಪ್ಪಟೆ ಕನ್ನಡಿಗೆ ನೇರವಾಗಿ ಬಡಿದು ಬಂದಾಗ ಸುತ್ತು ತಿರುವುಮುರುವಾಗಿ, ಪ್ಲೇಟನ್ನು ಮತ್ತೆ ದಾಟಿದ ಮೇಲೆ 90 ಡಿಗ್ರಿಯಲ್ಲಿ ನಿಂತು ತಡೆಯಲ್ಪಡುತ್ತದೆ. ಆದರೆ ಇದು ಪ್ರತಿಫಲನ ಅಷ್ಟು ಶುದ್ಧವಾಗಿದ್ದರೆ ಮಾತ್ರ. ದಾರಿಯಲ್ಲಿ ಇನ್ನೊಂದು ಪ್ಲೇಟ್, ಓರೆ ಕನ್ನಡಿ, ಒರಟು ಮೇಲ್ಮೈ ಅಥವಾ ಫೈಬರ್ ಸಿಕ್ಕಿ ಧ್ರುವೀಕರಣ ಕದಡಿದರೆ ಬೆಳಕು ವಾಪಸ್ ನುಸುಳುತ್ತದೆ. ಫ್ಯಾರಡೆ ಐಸೊಲೇಟರಿನಲ್ಲಿ ಹಿಂಬೆಳಕು ಯಾವ ಧ್ರುವೀಕರಣದಲ್ಲಿ ಬಂದರೂ ಹಿಂದಿನ ಪೋಲರೈಸರ್ ಅದನ್ನು 45ಕ್ಕೆ ತಂದೇ ಒಳಬಿಡುತ್ತದೆ.

ಬೆಳಕು ಒಂದೇ ಕಡೆಗೆ ಹೋಗುವುದಾದರೆ ಉಷ್ಣಗತಿವಿಜ್ಞಾನದ ಎರಡನೆಯ ನಿಯಮ ಮುರಿಯುವುದಿಲ್ಲವೇ?

ಒಂದೇ ಉಷ್ಣತೆಯ ಎರಡು ಬಿಸಿ ವಸ್ತುಗಳ ನಡುವೆ ಐಸೊಲೇಟರ್ ಇಟ್ಟರೆ ಒಂದು ತಣ್ಣಗಾಗುತ್ತಾ ಇನ್ನೊಂದು ಬಿಸಿಯಾಗುತ್ತಾ ಹೋಗಬೇಕಲ್ಲ ಎಂಬುದು ಈ ಪ್ರಶ್ನೆಯ ತಿರುಳು. ಒಳ್ಳೆಯ ಪ್ರಶ್ನೆ. ಲಾರ್ಡ್ ರ್‍ಯಾಲೆ 1901ರಲ್ಲೇ ಇದನ್ನು ಎತ್ತಿಕೊಂಡು ಬರೆದಿದ್ದರು.

ಉತ್ತರ ಪೋಲರೈಸರಿನ ಪಕ್ಕದ ಮುಖದಲ್ಲಿದೆ. ತಡೆದ ಬೆಳಕು ಮಾಯವಾಗುವುದಿಲ್ಲ. ಘನಾಕೃತಿಯ ಪೋಲರೈಸರಿನಲ್ಲಿ ಅದು ಪಕ್ಕಕ್ಕೆ ಹೊರಬರುತ್ತದೆ. ಅಲ್ಲಿ ಕನ್ನಡಿ ಇಟ್ಟು ಮರಳಿ ಕಳಿಸಿದರೆ ಅದು ಹರಳಿನಲ್ಲಿ ಇನ್ನೊಮ್ಮೆ ತಿರುಗಿ 135 ಡಿಗ್ರಿಗೆ ಬಂದು ಹಿಂದಿನ ಪೋಲರೈಸರಿನ ಪಕ್ಕದ ಮುಖದಿಂದ ಹೊರಗೆ ಹೋಗುತ್ತದೆ. ಅಂದರೆ ಬಾಗಿಲು ಎರಡಲ್ಲ, ನಾಲ್ಕು. ನಾಲ್ಕನ್ನೂ ಲೆಕ್ಕಕ್ಕೆ ಹಿಡಿದರೆ ಪ್ರತಿ ಬಾಗಿಲಿಗೆ ಒಳಬರುವಷ್ಟೇ ಹೊರಹೋಗುತ್ತದೆ. ಪಕ್ಕದ ಬೆಳಕನ್ನು ಹೀರುವ ಹಾಳೆ ಪೋಲರೈಸರ್ ಆದರೆ ಆ ಹಾಳೆಯೇ ಬಿಸಿಯಾಗುತ್ತದೆ, ತಾನೂ ಅಷ್ಟೇ ಹೊರಸೂಸುತ್ತದೆ.

ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಶಕ್ತಿಯುತ ಲೇಸರಿನಲ್ಲಿ ಆ ಪಕ್ಕದ ಕಿಂಡಿಯಿಂದ ಹೊರಬರುವ ಕಿರಣ ನಿಜವಾದ ಕಿರಣ. ಅದರ ಮುಂದೆ ಬೆಳಕು ಹೀರುವ ತಡೆ ಇಡದೆ ಕೆಲಸ ಶುರುಮಾಡಬಾರದು.

## ಬಳಸುವವರಿಗೆ

ಡಬ್ಬಿಯ ಮೇಲೆ ಹಿಂಬೆಳಕಿನ ತಡೆ 40 ಡೆಸಿಬೆಲ್ ಎಂದಿದೆ. ನಮ್ಮ ಅಳತೆಯಲ್ಲಿ 28 ಮಾತ್ರ. ಹಾಳಾಗಿದೆಯೇ?

ಬಹುಶಃ ಇಲ್ಲ. ತಿರುಗು 45ರಿಂದ ಎಷ್ಟು ಡಿಗ್ರಿ ತಪ್ಪಿದೆಯೋ ಅದರ ಸೈನ್‌ನ ವರ್ಗದಷ್ಟು ಹಿಂಬೆಳಕು ನುಸುಳುತ್ತದೆ. ಅರ್ಧ ಡಿಗ್ರಿ ತಪ್ಪಿದರೆ 41 ಡೆಸಿಬೆಲ್, ಒಂದು ಡಿಗ್ರಿಗೆ 35, ಎರಡಕ್ಕೆ 29, ಮೂರಕ್ಕೆ 26. ನಿಮ್ಮ ಅಂಕಿ ಎರಡು ಡಿಗ್ರಿಯ ಆಸುಪಾಸಿನ ತಪ್ಪನ್ನು ಸೂಚಿಸುತ್ತದೆ.

ಅಷ್ಟು ತಪ್ಪಲು ಕೋಣೆಯ ಬಿಸಿಯೇ ಸಾಕು. ಟಿಜಿಜಿಯ ವರ್ಡೆ ಸ್ಥಿರಾಂಕ ಉಷ್ಣತೆ ಏರಿದಂತೆ ಇಳಿಯುತ್ತದೆ, ಕೋಣೆಯ ಉಷ್ಣತೆಯಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ನೂರಕ್ಕೆ 0.33ರಂತೆ. ನಿಯೋಡೈಮಿಯಮ್ ಕಾಂತದ ಬಲವೂ 0.11ರಷ್ಟು ಇಳಿಯುತ್ತದೆ. ಎರಡೂ ಒಂದೇ ಕಡೆಗೆ ಎಳೆಯುವುದರಿಂದ ಕೂಡಿ 0.44, ಅಂದರೆ 45ರಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.2 ಡಿಗ್ರಿ ಕೋನ. 22 ಡಿಗ್ರಿಯಲ್ಲಿ ಹೊಂದಿಸಿದ ಐಸೊಲೇಟರನ್ನು ಎಸಿ ಇಲ್ಲದ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 32 ಡಿಗ್ರಿಯಲ್ಲಿ ಅಳೆದರೆ ಎರಡು ಡಿಗ್ರಿ ತಪ್ಪು, 29 ಡೆಸಿಬೆಲ್.

ತರಂಗದೂರವೂ ಹೀಗೆಯೇ ಕೈಕೊಡುತ್ತದೆ. 1064ಕ್ಕೆ ಹೊಂದಿಸಿದ್ದನ್ನು 1030 ನ್ಯಾನೊಮೀಟರಿನಲ್ಲಿ ಬಳಸಿದರೆ ತಿರುಗು ಮೂರು ಡಿಗ್ರಿ ಹೆಚ್ಚುತ್ತದೆ.

ಅಳತೆಯನ್ನೂ ಅನುಮಾನಿಸಬೇಕು. 100 ಮಿಲಿವ್ಯಾಟ್ ಕಳಿಸಿ 40 ಡೆಸಿಬೆಲ್ ಅಳೆಯುವುದೆಂದರೆ ಒಂದು ಮಿಲಿವ್ಯಾಟಿನ ನೂರನೇ ಒಂದು ಭಾಗ ಅಳೆಯುವುದು. ಪೋಲರೈಸರಿನ ಅಂಚಿನಿಂದ ಚದುರಿದ ಬೆಳಕೇ ಅಷ್ಟಿರುತ್ತದೆ. ಮೀಟರನ್ನು ಅರ್ಧ ಮೀಟರ್ ದೂರ ಸರಿಸಿ, ಮುಂದೆ ಸಣ್ಣ ರಂಧ್ರದ ತಡೆ ಇಟ್ಟು ಮತ್ತೆ ನೋಡಿ.

ಹಾಗಾದರೆ ನಾವೇ ಮತ್ತೆ ಹೊಂದಿಸಿಕೊಳ್ಳಬಹುದೇ? ಹೇಗೆ?

ಹಿಂದಿನ ಪೋಲರೈಸರ್ ತಿರುಗಿಸಲು ಬರುವ ಮಾದರಿಯಾದರೆ ಹೊಂದಿಸಬಹುದು. ಇಲ್ಲಿ ತುಂಬಾ ಜನ ಮಾಡುವ ತಪ್ಪೆಂದರೆ ಮುಂದಕ್ಕೆ ಹೋಗುವ ಬೆಳಕು ಗರಿಷ್ಠ ಆಗುವಂತೆ ತಿರುಗಿಸುವುದು. ಗರಿಷ್ಠದ ಬಳಿ ಬೆಳಕು ಕೋನಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ, ಎರಡು ಡಿಗ್ರಿ ತಪ್ಪಿದರೂ ಮೀಟರಿಗೆ ಗೊತ್ತಾಗುವುದು ಸಾವಿರದಲ್ಲಿ ಒಂದು ಪಾಲು. ಹೊಂದಿಸಬೇಕಾದದ್ದು ಹಿಂಬೆಳಕಿನ ಕನಿಷ್ಠಕ್ಕೆ.

ಲೇಸರ್ ಮತ್ತು ಐಸೊಲೇಟರ್ ನಡುವೆ ಹಾಫ್ ವೇವ್ ಪ್ಲೇಟ್ ಇಡಿ. ಐಸೊಲೇಟರನ್ನು ತಿರುಗಿಸಿ, ಬಾಣದ ಗುರುತು ಲೇಸರ್ ಕಡೆ ಬರುವಂತೆ ಕೂರಿಸಿ. ಪ್ಲೇಟನ್ನು ತಿರುಗಿಸುತ್ತಾ, ಈಗ ಲೇಸರ್ ಕಡೆ ಇರುವ ಹಿಂದಿನ ಪೋಲರೈಸರಿನ ಮೂಲಕ ಅತಿ ಹೆಚ್ಚು ಬೆಳಕು ಒಳಹೋಗುವಂತೆ ಮಾಡಿ. ನಂತರ ಆ ಪೋಲರೈಸರಿನ ತಿರುಪನ್ನು ಸಡಿಲಿಸಿ, ಕೊನೆಯಲ್ಲಿ ಹೊರಬರುವ ಬೆಳಕು ಕನಿಷ್ಠ ಆಗುವವರೆಗೆ ಮೆಲ್ಲಗೆ ತಿರುಗಿಸಿ, ಬಿಗಿ ಮಾಡಿ. ಬಿಗಿ ಮಾಡುವಾಗಲೇ ಕದಲುವುದುಂಟು, ಮೀಟರ್ ಮೇಲೆ ಕಣ್ಣಿರಲಿ. ಆಮೇಲೆ ಐಸೊಲೇಟರನ್ನು ಸರಿಯಾದ ದಿಕ್ಕಿಗೆ ಇಟ್ಟು, ಪ್ಲೇಟನ್ನು ಮತ್ತೆ ಹೊಂದಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ತರಬೇಡಿ. ಕಾಂತ ಅದನ್ನು ಹರಳಿನ ಮುಖಕ್ಕೇ ಎಳೆದುಕೊಳ್ಳಬಹುದು.

ಇದಕ್ಕೆ ಕೊಡುವ ಬೆಲೆ ಎಷ್ಟು? ತಿರುಗು 45ರ ಬದಲು 42 ಆಗಿದೆ ಎನ್ನೋಣ. ಹಿಂಬೆಳಕು 90ಕ್ಕೆ ತಲುಪಬೇಕಾದರೆ ಹಿಂದಿನ ಪೋಲರೈಸರ್ 48ರಲ್ಲಿ ಇರಬೇಕು. ಮುಂದಕ್ಕೆ ಹೋಗುವ ಬೆಳಕು 42ರಲ್ಲಿ ಬರುತ್ತದೆ, ಆರು ಡಿಗ್ರಿ ವ್ಯತ್ಯಾಸ. ನಷ್ಟ ನೂರಕ್ಕೆ 1.1. ಅಷ್ಟು ಬಿಟ್ಟುಕೊಟ್ಟರೆ 26ಕ್ಕೆ ಕುಸಿದಿದ್ದ ತಡೆ, ಪೋಲರೈಸರ್ ಮತ್ತು ಹರಳು ಎಷ್ಟು ಶುದ್ಧವೋ ಅಲ್ಲಿಯವರೆಗೆ ಮರಳಿ ಏರುತ್ತದೆ. ಸಾವಿರಕ್ಕೆ ಒಂದು ಸೋರುವ ಪೋಲರೈಸರ್ ಇದ್ದರೆ ಮಾತ್ರ 30ಕ್ಕಿಂತ ಮೇಲೆ ಹೋಗುವುದಿಲ್ಲ, ಎಷ್ಟು ತಿರುಗಿಸಿದರೂ.

ಲೇಸರ್ ಪವರ್ ಏರಿಸಿದಾಗ ಕಿರಣದ ಫೋಕಸ್ ಸರಿಯುತ್ತದೆ, ತಡೆಯೂ ಕಡಿಮೆಯಾಗುತ್ತದೆ. ಐಸೊಲೇಟರೇ ಕಾರಣವೇ?

ಹತ್ತಾರು ವ್ಯಾಟ್ ದಾಟಿದ ಮೇಲೆ ಆಗಿರುವ ಸಾಧ್ಯತೆ ಹೆಚ್ಚು. ಹರಳು ಅಲ್ಪ ಪಾಲು ಬೆಳಕನ್ನು ಹೀರಿ ಕಿರಣದ ನಡುವೆ ಬಿಸಿಯಾಗುತ್ತದೆ, ಅಂಚು ತಣ್ಣಗಿರುತ್ತದೆ. ನಡುವೆ ಸೂಚ್ಯಂಕ ಹೆಚ್ಚಿ ಹರಳು ಮಸೂರದಂತಾಗುತ್ತದೆ. ಫೋಕಸ್ ಸರಿಯುವುದು ಇದರಿಂದ. ಬಿಸಿಯ ಏರುಪೇರು ಹರಳಿನೊಳಗೆ ಒತ್ತಡವನ್ನೂ ಹುಟ್ಟಿಸುತ್ತದೆ, ಧ್ರುವೀಕರಣ ಒಂದೊಂದು ಜಾಗದಲ್ಲಿ ಒಂದೊಂದು ರೀತಿ ಕೆಡುತ್ತದೆ. ಹೀಗೆ ಸೋರುವ ಬೆಳಕು ಪವರಿನ ವರ್ಗದಂತೆ ಏರುವುದರಿಂದ ಪವರ್ ಎರಡು ಪಟ್ಟಾದರೆ ಸೋರಿಕೆಯ ಪಾಲು ನಾಲ್ಕು ಪಟ್ಟು.

ಗುರುತಿಸುವುದು ಸುಲಭ. ಲೇಸರ್ ಪೂರ್ಣ ಪವರಿಗೆ ಬಂದ ಕ್ಷಣದ ಫೋಕಸ್ ಮತ್ತು ಒಂದೆರಡು ನಿಮಿಷದ ನಂತರದ ಫೋಕಸ್ ಹೋಲಿಸಿ. ನಿಧಾನಕ್ಕೆ ಸರಿದು ನಿಂತರೆ ಶಾಖವೇ. ಪೋಲರೈಸರ್ ತಿರುಗಿಸಿ ಇದನ್ನು ಸರಿಪಡಿಸಲಾಗದು, ಏಕೆಂದರೆ ತಪ್ಪು ಎಲ್ಲ ಕಡೆ ಒಂದೇ ಸಮ ಇಲ್ಲ. ಹೀರಿಕೆ ಕಡಿಮೆ ಇರುವ ಹರಳು, ಚಿಕ್ಕ ಹರಳಿಗೆ ಇನ್ನೂ ಬಲವಾದ ಕಾಂತ, ಇವೇ ದಾರಿ. ಮುಖದ ಮೇಲೆ ಧೂಳಿನ ಕಣ ಕೂತಿದೆಯೇ ಎಂದೂ ನೋಡಿ; ಸುಟ್ಟ ಧೂಳು ಬೆಳಕು ಹೀರಿ ಇದೇ ಲಕ್ಷಣ ತೋರಿಸುತ್ತದೆ.

ಟೆಲಿಕಾಂ ಫೈಬರಿನ ಐಸೊಲೇಟರಿಗೆ ಯಾವ ಧ್ರುವೀಕರಣವೂ ಆಗುತ್ತದಂತೆ. ಪೋಲರೈಸರ್ ಇಲ್ಲದೆ ಹೇಗೆ?

ಪೋಲರೈಸರಿನ ಜಾಗದಲ್ಲಿ ದ್ವಿವಕ್ರೀಭವನದ ಹರಳಿನ ತೆಳು ಬೆಣೆಗಳಿವೆ. ಮೊದಲ ಬೆಣೆ ಬೆಳಕನ್ನು ಪರಸ್ಪರ ಲಂಬವಾದ ಎರಡು ಧ್ರುವೀಕರಣಗಳಾಗಿ ತುಸು ಬೇರೆ ಬೇರೆ ಕೋನಕ್ಕೆ ಒಡೆಯುತ್ತದೆ. ನಡುವೆ ಎರಡೂ 45 ತಿರುಗುತ್ತವೆ. ಎರಡನೆಯ ಬೆಣೆಯ ಅಕ್ಷವನ್ನು ಅಷ್ಟೇ ಓರೆ ಇಟ್ಟಿರುವುದರಿಂದ ಎರಡೂ ಮತ್ತೆ ಸಮಾಂತರವಾಗಿ, ಮಸೂರದ ಮೂಲಕ ಫೈಬರಿನ ನಡುವಿಗೆ ಸೇರುತ್ತವೆ. ಹಿಂದಕ್ಕೆ ಬರುವಾಗ ತಿರುಗು ವಿರುದ್ಧ ಕಡೆಗೆ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಎರಡು ಧ್ರುವೀಕರಣಗಳ ಪಾತ್ರ ಅದಲುಬದಲಾಗುತ್ತದೆ. ಬೆಣೆಗಳು ಅವನ್ನು ಸಮಾಂತರ ಮಾಡದೆ ಇನ್ನಷ್ಟು ಅಗಲಿಸುತ್ತವೆ, ಬೆಳಕು ಫೈಬರಿನ ತಿರುಳಿನ ಪಕ್ಕಕ್ಕೆ ಬೀಳುತ್ತದೆ.

ಇಲ್ಲಿ ತಿರುಗಿಸುವುದು ಬಿಸ್ಮತ್ ಸೇರಿದ ಕಬ್ಬಿಣದ ಗಾರ್ನೆಟ್ ಪದರ. 1550 ನ್ಯಾನೊಮೀಟರಿಗೆ ಅರ್ಧ ಮಿಲಿಮೀಟರಿನ ಆಸುಪಾಸಿನ ದಪ್ಪದಲ್ಲೇ 45 ಡಿಗ್ರಿ ಸಿಗುತ್ತದೆ. ಅದರ ಕಾಂತೀಯತೆ ಪೂರ್ತಿ ತುಂಬುವಷ್ಟು ಪುಟ್ಟ ಉಂಗುರಕಾಂತ ಇದ್ದರಾಯಿತು. ಕ್ಷೇತ್ರ ಇನ್ನೂ ಹೆಚ್ಚಿದರೆ ತಿರುಗು ಹೆಚ್ಚುವುದಿಲ್ಲ. ಆದರೆ ಈ ಪದರ ಕಣ್ಣಿಗೆ ಕಾಣುವ ಬೆಳಕನ್ನು ಹೀರಿಬಿಡುತ್ತದೆ. ಫೈಬರ್ ಎಲ್ಲಿ ಮುರಿದಿದೆ ಎಂದು ನೋಡಲು ಕೆಂಪು ಬೆಳಕು ಬಿಡುವವರು ಐಸೊಲೇಟರಿನ ಆಚೆ ಕತ್ತಲು ಕಂಡು ಮುರಿತ ಅಲ್ಲೇ ಎಂದು ತಿಳಿಯುತ್ತಾರೆ. ಅದನ್ನು ಬಿಚ್ಚುವ ಮೊದಲು 1550ರ ಬೆಳಕು ಬಿಟ್ಟು ಪವರ್ ಮೀಟರಿನಲ್ಲಿ ನೋಡಿ.